ತಾರೀಖಿಲ್ಲದ ರಾಜೀನಾಮೆಗೆ ಸಹಿ ಹಾಕಬೇಡಿ

ಭಾಗ 1/9

ನೇರ ವಿಷಯಕ್ಕೆ ಬರ್ತೀನಿ. ಗ್ರಾಮ ಪಂಚಾಯತಿಗೆ ಆರಿಸಿ ಬಂದ ಸದಸ್ಯರ ಕೈಲಿ, ಗೆದ್ದ ಗುಲಾಲು ಇನ್ನೂ ತೊಳೆದಿರೋದಿಲ್ಲ, ಅಷ್ಟರಲ್ಲೇ ಒಂದು ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಪತ್ರದಲ್ಲಿ ಹೆಸರಿದೆ, ವಾರ್ಡ್ ಇದೆ, ಸಹಿ ಇದೆ. ತಾರೀಖಿನ ಜಾಗ ಮಾತ್ರ ಖಾಲಿ. ಆ ಹಾಳೆ ಊರಿನ ಯಾರೋ ಒಬ್ಬ ದೊಡ್ಡ ಮನುಷ್ಯನ ಕಪಾಟು ಸೇರುತ್ತದೆ. ಮುಂದೆ ಐದು ವರ್ಷ ಆ ಸದಸ್ಯೆ ಸಭೆಯಲ್ಲಿ ಬಾಯಿ ತೆರೆಯೋ ಮುಂಚೆ ಆ ಕಪಾಟು ನೆನಪಿಸಿಕೊಳ್ಳಬೇಕು.

ಇದಕ್ಕೆ ಊರಲ್ಲಿ ಚಂದದ ಹೆಸರಿದೆ: "ಹೊಂದಾಣಿಕೆ". ನಾನು ಇದನ್ನ ಕಳವು ಅಂತ ಕರೀತೀನಿ. ಕಳವಾಗಿರೋದು ಸದಸ್ಯೆಯ ಕುರ್ಚಿ ಅಷ್ಟೇ ಅಲ್ಲ, ನಾವು ಸಾಲಲ್ಲಿ ನಿಂತು ಹಾಕಿದ ಓಟು.

ಹೊಸಬರಿಗೆ ಒಂದು ಮಾತು. ನಾನು ವಿಜಯಪುರದಲ್ಲಿ ಬಿಕಾಂ ಓದ್ತೀನಿ. ಊರು ಮಾತ್ರ ಗಡಿ ಆಚೆ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು. ಮನೆ ಮಾತು ಕನ್ನಡ, ಪಂಚಾಯತಿ ಕಾಗದ ಮರಾಠಿ. ಅದಕ್ಕೇ ಈ ಸರಣಿಯಲ್ಲಿ ನಾನು ಹೇಳೋ ಕಾನೂನು ಮುಖ್ಯವಾಗಿ ಮಹಾರಾಷ್ಟ್ರದ್ದು. ಕರ್ನಾಟಕದ ಗೆಳೆಯರಿಗೆ ಬೇಕಾದ್ದು ಕೊನೆಯ ಭಾಗದಲ್ಲಿದೆ. ರೋಗ ಮಾತ್ರ ಎರಡೂ ಕಡೆ ಒಂದೇ.

ಭಾಗ 2/9: ಪತ್ರ ಯಾರಿಗೆ, ಆಮೇಲೆ ಏನಾಗುತ್ತೆ?

ಮಹಾರಾಷ್ಟ್ರದಲ್ಲಿ ಗ್ರಾಮ ಪಂಚಾಯತಿಗಳನ್ನ ನಡೆಸೋದು 1958ರ ಕಾಯ್ದೆ. ಅದರ 29ನೇ ಕಲಮು ರಾಜೀನಾಮೆ ಬಗ್ಗೆ. ಓದಿದರೆ ಅದು ಒಂದು ಹಾದಿ ಇದ್ದ ಹಾಗಿದೆ, ಹೆಜ್ಜೆ ಹೆಜ್ಜೆಯಾಗಿ.

ಮೊದಲ ಹೆಜ್ಜೆ: ಸದಸ್ಯ ತಾನೇ ಸಹಿ ಮಾಡಿದ ಪತ್ರವನ್ನ ಸರಪಂಚರ ಹೆಸರಿಗೆ ಬರೆದು ಕೊಡಬೇಕು. ರಾಜೀನಾಮೆ ಕೊಡೋದು ಸರಪಂಚರೇ ಆದರೆ, ಪತ್ರ ಹೋಗೋದು ಪಂಚಾಯತ್ ಸಮಿತಿಯ ಸಭಾಪತಿಗೆ. ಶಾಸಕರಿಗೆ, ಪಕ್ಷದ ತಾಲ್ಲೂಕು ಅಧ್ಯಕ್ಷರಿಗೆ, ಊರ ಪಾಟೀಲರಿಗೆ ಕೊಟ್ಟ ಪತ್ರ ಕಾನೂನಿನ ಲೆಕ್ಕದಲ್ಲಿ ಬರೀ ಹಾಳೆ.

ಎರಡನೇ ಹೆಜ್ಜೆ: ಸರಪಂಚರು ಅದನ್ನ ಪಂಚಾಯತಿಯ ಕಾರ್ಯದರ್ಶಿಗೆ, ಅಂದರೆ ನಾವು ಗ್ರಾಮಸೇವಕ ಅನ್ನೋರಿಗೆ ಕಳಿಸಬೇಕು. ಅವರು ಅದನ್ನ ಮುಂದಿನ ಸಭೆಯಲ್ಲಿ ಇಡಬೇಕು. "ಮುಂದಿನ ಸಭೆ" ಅನ್ನೋ ಈ ಎರಡು ಶಬ್ದ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗ್ತದೆ.

ಮೂರನೇ ಹೆಜ್ಜೆ: "ಈ ರಾಜೀನಾಮೆ ನಿಜವಾದದ್ದಲ್ಲ" ಅಂತ ಹೇಳೋದಿದ್ದರೆ, ಪತ್ರ ಸಭೆಯಲ್ಲಿ ಇಟ್ಟ ದಿನದಿಂದ ಏಳು ದಿನದೊಳಗೆ ಆ ಸದಸ್ಯನೇ ಕಲೆಕ್ಟರ್ ಹತ್ರ ಹೋಗಬೇಕು. ಕಲೆಕ್ಟರ್ ಆದಷ್ಟೂ ಹದಿನೈದು ದಿನದೊಳಗೆ ತೀರ್ಮಾನ ಕೊಡಬೇಕು. ಅದು ಒಪ್ಪಿಗೆ ಆಗದಿದ್ದರೆ, ಮತ್ತೆ ಏಳು ದಿನದೊಳಗೆ ಕಮಿಷನರ್ ಹತ್ರ ಅಪೀಲು.

ಯಾರೂ ತಕರಾರು ಮಾಡದಿದ್ದರೆ? ಏಳು ದಿನ ಮುಗಿದ ಮೇಲೆ ರಾಜೀನಾಮೆ ಜಾರಿ. ಸೀಟು ಖಾಲಿ.

ಭಾಗ 3/9: ತಾರೀಖು ಅಂದ್ರೆ ಬರೀ ಅಂಕಿ ಅಲ್ಲ

ಈಗ ಒಂದು ಉದಾಹರಣೆ ಹಿಡಿಯೋಣ. ಒಬ್ಬ ಸದಸ್ಯೆ ಮಾರ್ಚ್ 3ಕ್ಕೆ ಪತ್ರ ಬರೆದು, ಕೆಳಗೆ ಅದೇ ತಾರೀಖು ಹಾಕಿ, ಅವತ್ತೇ ಕೊಡ್ತಾಳೆ ಅಂತ ಇಟ್ಟುಕೊಳ್ಳಿ. ಮುಂದಿನ ಮಾಸಿಕ ಸಭೆ ಮಾರ್ಚ್ 18ಕ್ಕೆ. ಪತ್ರ ಅವತ್ತು ಸಭೆಗೆ ಬರುತ್ತೆ. ಮಾರ್ಚ್ 25ರವರೆಗೆ ಅವಳಿಗೆ ಕಲೆಕ್ಟರ್ ಬಾಗಿಲು ತೆರೆದಿದೆ. ಲೆಕ್ಕ ಸ್ಪಷ್ಟ, ಯಾರು ಬೇಕಾದರೂ ಕ್ಯಾಲೆಂಡರ್ ಹಿಡಿದು ಎಣಿಸಬಹುದು.

ಅದೇ ಮಾರ್ಚ್ 3ರ ಪತ್ರವನ್ನ ಯಾರೋ ಹದಿನಾಲ್ಕು ತಿಂಗಳು ಬಚ್ಚಿಟ್ಟು, ಆಮೇಲೆ ಸಭೆಗೆ ತಂದರೆ? ಮೊದಲ ಪ್ರಶ್ನೆ ತಾನಾಗೇ ಏಳುತ್ತೆ: ಮುಂದಿನ ಸಭೆಗೆ ಯಾಕೆ ತರಲಿಲ್ಲ? ಇಷ್ಟು ದಿನ ಎಲ್ಲಿತ್ತು? ಈ ನಡುವೆ ಇವಳು ಅಷ್ಟೂ ಸಭೆಗೆ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ್ದಾಳಲ್ಲ, ರಾಜೀನಾಮೆ ಕೊಟ್ಟವಳು ಯಾಕೆ ಬಂದಳು? ಹಳೆ ತಾರೀಖೇ ಅವಳ ಪರವಾಗಿ ಸಾಕ್ಷಿ ಹೇಳುತ್ತೆ.

ಈಗ ತಾರೀಖಿನ ಜಾಗ ಖಾಲಿ ಇದೆ ಅಂದುಕೊಳ್ಳಿ. ಇಟ್ಟುಕೊಂಡವನು ತನಗೆ ಬೇಕಾದ ದಿನ ಪೆನ್ನು ತೆಗೆದು ನಿನ್ನೆಯ ತಾರೀಖು ಬರೀತಾನೆ. ಪತ್ರ ನಿನ್ನೆ ಹುಟ್ಟಿದ ಹಾಗೆ ಕಾಣುತ್ತೆ. ಸಹಿ ಅಸಲಿ. ಸಭೆಯೂ ಮುಂದಿನದೇ. ಎಲ್ಲಾ ಕಾಯ್ದೆ ಪ್ರಕಾರ ನಡೆದ ಹಾಗೆ! ಸದಸ್ಯೆ ಕಲೆಕ್ಟರ್ ಮುಂದೆ ಹೋಗಿ "ಇದು ನಿಜವಲ್ಲ" ಅಂದರೆ, "ಸಹಿ ನಿಮ್ಮದೇ ಅಲ್ವಾ?" ಅನ್ನೋ ಒಂದೇ ಪ್ರಶ್ನೆಗೆ ಅವಳ ಅರ್ಧ ವಾದ ಕುಸಿಯುತ್ತೆ. ಸುಳ್ಳು ಸಹಿಯನ್ನ ಸುಳ್ಳು ಅಂತ ತೋರಿಸಬಹುದು. ಅಸಲಿ ಸಹಿಯ ಕೆಳಗೆ ಕೂತ ಸುಳ್ಳು ತಾರೀಖನ್ನ ತೋರಿಸೋದು ಬಹಳ ಕಷ್ಟ.

ಭಾಗ 4/9: ಕಾಮರ್ಸ್‌ನವರು ಇದನ್ನ ಬೇಗ ಹಿಡೀಬೇಕು

ಸಹಿ ಮಾಡಿ ಮೊತ್ತ ಬರೆಯದ ಚೆಕ್ ಯಾರಿಗಾದರೂ ಕೊಡ್ತೀರಾ? ಇಲ್ಲ. ಯಾಕಂದ್ರೆ ಅದನ್ನ ಹಿಡಿದವನು ಏನು ಬೇಕಾದರೂ ಬರೆದುಕೊಳ್ಳಬಹುದು ಅಂತ ನಮಗೆ ಮೊದಲ ವರ್ಷದಲ್ಲೇ ಗೊತ್ತು. ಆದರೂ ಚೆಕ್‌ಗೆ ಒಂದು ಆಯುಷ್ಯ ಇದೆ. ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು ಕಳೆದರೆ ಬ್ಯಾಂಕು ಹಣ ಕೊಡೋದಿಲ್ಲ.

ತಾರೀಖಿಲ್ಲದ ರಾಜೀನಾಮೆಗೆ ಆ ಆಯುಷ್ಯವೂ ಇಲ್ಲ. ಅದು ಹಳಸೋದಿಲ್ಲ. ಗೆದ್ದ ತಿಂಗಳು ಸಹಿ ಮಾಡಿದ್ದು ನಾಲ್ಕನೇ ವರ್ಷದಲ್ಲೂ ಬಿಸಿ ಬಿಸಿಯಾಗೇ ಇರುತ್ತೆ.

ಇದರಿಂದ ಲಾಭ ಯಾರಿಗೆ ಅನ್ನೋದನ್ನೂ ನೋಡಿ. ಸರಪಂಚರನ್ನ ಇಳಿಸೋಕೆ ಅವಿಶ್ವಾಸ ಗೊತ್ತುವಳಿ ಅಂತ ಒಂದು ದಾರಿ ಇದೆ. ಆದರೆ ಸಾದಾ ಸದಸ್ಯೆಯನ್ನ ಉಳಿದ ಸದಸ್ಯರು ಕೈ ಎತ್ತಿ ಮನೆಗೆ ಕಳಿಸೋ ಹಾಗಿಲ್ಲ. ಅವಳನ್ನ ಕಳಿಸಿದ್ದು ವಾರ್ಡಿನ ಜನ. ತೆಗೀಬೇಕು ಅಂದ್ರೆ ಅವಳು ತಪ್ಪು ಮಾಡಿರಬೇಕು, ವಿಚಾರಣೆ ಆಗಬೇಕು, ಅವಳ ಮಾತು ಕೇಳಬೇಕು. ಇದೆಲ್ಲ ತಲೆನೋವು ಬೇಡ ಅಂತ ಕಪಾಟಿನ ಪತ್ರ. ಅಂದ್ರೆ ಕಾನೂನು ಯಾವ ಅಧಿಕಾರವನ್ನ ಯಾರಿಗೂ ಕೊಟ್ಟಿಲ್ಲವೋ, ಅದನ್ನ ಒಬ್ಬ ವ್ಯಕ್ತಿ ಒಂದು ಹಾಳೆಯಿಂದ ಪಡಕೊಂಡಿದ್ದಾನೆ.

ಬಹಳ ಸಲ ಆ ಪತ್ರವನ್ನ ಹೊರಗೆ ತೆಗೆಯೋ ಅಗತ್ಯವೂ ಬೀಳಲ್ಲ. "ನಿನ್ನ ಕಾಗದ ನನ್ ಹತ್ರ ಐತಿ, ನೆನಪಿರಲಿ" ಅಂದರೆ ಸಾಕು. ಗಟಾರ ಕೆಲಸದ ಬಿಲ್ಲಿಗೆ ಅವಳ ಕೈ ಮೇಲೇಳುತ್ತೆ.

ಭಾಗ 5/9: ನಮ್ಮ ಕಾಕಿಯ ಮಾತು

ಇದು ನಾನು ಪುಸ್ತಕದಲ್ಲಿ ಓದಿದ ವಿಷಯ ಅಲ್ಲ. ನಮ್ಮ ಕಾಕಿ ಮಹಿಳಾ ಮೀಸಲು ಸೀಟಿನಿಂದ ಸದಸ್ಯೆಯಾದರು. ಮಹಾರಾಷ್ಟ್ರದ ಪಂಚಾಯತಿಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ. ಕಾಕಿ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಓದಿದವರು. ಮರಾಠಿ ಮಾತಾಡ್ತಾರೆ, ಸಂತೆಯಲ್ಲಿ ಚೌಕಾಸಿ ಮಾಡ್ತಾರೆ. ಆದರೆ ಸರ್ಕಾರಿ ಮರಾಠಿಯ ಒಂದು ಪುಟ ಓದು ಅಂದ್ರೆ ತಡವರಿಸ್ತಾರೆ.

ಗೆದ್ದ ಮೇಲೆ ಅವರ ಮುಂದೆ ಮೂರು ಹಾಳೆ ಬಂದವು. ಎರಡು ಬ್ಯಾಂಕ್ ಮತ್ತು ಶೌಚಾಲಯದ ಕಾಗದ ಅಂದರು. ಮೂರನೆಯದು "ಹಂಗ ಇರಲಿ, ಎಲ್ಲಾರೂ ಮಾಡ್ಯಾರ". ಆ ಮೂರನೇ ಹಾಳೆಯ ತಲೆ ಮೇಲೆ "ರಾಜೀನಾಮಾ" ಅಂತಿತ್ತು. ಆ ಒಂದು ಶಬ್ದ ಎರಡೂ ಭಾಷೆಯಲ್ಲಿ ಒಂದೇ ಥರ ಇರೋದಕ್ಕೆ ಕಾಕಿ ಉಳಕೊಂಡರು. ಕಾರಣ ಅನ್ನೋ ಕಡೆ "ಘರಗುತೀ ಕಾರಣಾಸ್ತವ" ಅಂತ ಟೈಪ್ ಆಗಿತ್ತು, ಅಂದ್ರೆ ಮನೆ ಕಾರಣದಿಂದ. ತಾರೀಖಿನ ಮುಂದೆ ಚುಕ್ಕಿ ಚುಕ್ಕಿ.

ಕಾಕಿ ಕೇಳಿದ್ದು ಒಂದೇ: "ನಮ್ಮ ಮನಿ ಕಾರಣ ನಿಮಗ ಹೆಂಗ ಗೊತ್ತಾತು, ನಮಗ ಗೊತ್ತಾಗೂಕಿಂತ ಮೊದಲ?"

ಸಹಿ ಮಾಡಲಿಲ್ಲ. ಕಾಕಾ ಮೇಲೆ ಒತ್ತಡ ಬಂತು, ಎರಡು ತಿಂಗಳು ಮನೇಲಿ ಮಾತಿಲ್ಲ ಕತೆಯಿಲ್ಲ. ಸಭೆಯ ನೋಟಿಸು ತಡವಾಗಿ ಬರೋಕೆ ಶುರುವಾಯ್ತು. ಇವತ್ತಿಗೂ ಕೆಲವರು ಅವರನ್ನ "ಹಟಮಾರಿ" ಅಂತಾರೆ. ಆದರೆ ಕುಡಿಯೋ ನೀರಿನ ಪೈಪು ಯಾವ ಓಣಿಗೆ ಮೊದಲು ಅನ್ನೋ ಚರ್ಚೆಯಲ್ಲಿ ಅವರು ಬೇಡ ಅಂದದ್ದು ಬೇಡ ಅಂತಲೇ ಬರೆದಿದೆ.

ಭಾಗ 6/9: "ವೈಯಕ್ತಿಕ ಕಾರಣ" ಅನ್ನೋ ಪರದೆ

ಈಗ ಕಾರಣದ ವಿಷಯ. 29ನೇ ಕಲಮು ಕಾರಣ ಬರೆಯಲೇಬೇಕು ಅಂತ ಹೇಳೋದಿಲ್ಲ. ಲೋಕಸಭೆಯ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ. ಅಲ್ಲಿ ರಾಜೀನಾಮೆಯ ನಮೂನೆ ಒಂದೇ ಸಾಲಿನದು. ಸಂಸದರು ಕಾರಣ ಸೇರಿಸಿದರೆ ಆ ಮಾತುಗಳನ್ನ ಬಿಟ್ಟುಬಿಡೋ, ಸದನದಲ್ಲಿ ಓದದೇ ಇರೋ ಅಧಿಕಾರ ಸ್ಪೀಕರ್‌ಗಿದೆ. ಹಾಗಾದರೆ ಹಳ್ಳಿ ಸದಸ್ಯೆ ಯಾಕೆ ಕಾರಣ ಬರೀಬೇಕು?

ಯಾಕಂದ್ರೆ ಸಂಸದರಿಗೆ ಮೈಕ್ ಇದೆ. ರಾಜೀನಾಮೆ ಕೊಟ್ಟು ಹೊರಗೆ ಬಂದರೆ ಕ್ಯಾಮೆರಾಗಳು ಕಾಯ್ತಿರ್ತವೆ. ವಾರ್ಡ್ ಸದಸ್ಯೆಗೆ ಇರೋದು ಆ ಒಂದು ಹಾಳೆ. ಅವಳು ಯಾಕೆ ಹೋದಳು ಅಂತ ಜನಕ್ಕೆ ಗೊತ್ತಾಗೋ ಒಂದೇ ಲಿಖಿತ ಜಾಗ ಅದು.

ಇನ್ನೊಂದು ಉಪಯೋಗವೂ ಇದೆ. ನಿಜವಾಗಿ ಸ್ವಇಚ್ಛೆಯಿಂದ ಹೋಗುವವಳು ಕಾರಣ ಬರೆದರೆ ಅದರಲ್ಲಿ ಅವಳ ಬದುಕು ಕಾಣುತ್ತೆ: "ಗಂಡನ ಕೆಲಸಕ್ಕಾಗಿ ಕುಟುಂಬ ಪುಣೆಗೆ ಹೋಗುತ್ತಿದೆ", "ಅಂಗನವಾಡಿ ನೌಕರಿಗೆ ಸೇರುತ್ತಿದ್ದೇನೆ", "ಮೂರು ಸಭೆಗಳಲ್ಲಿ ಕೇಳಿದರೂ ನೀರಿನ ಖರ್ಚಿನ ಲೆಕ್ಕ ತೋರಿಸಲಿಲ್ಲ". ಇಂಥ ಮಾತನ್ನ ಐದು ವರ್ಷ ಮೊದಲೇ ಟೈಪ್ ಮಾಡಿ ಇಡೋಕೆ ಯಾರಿಂದಲೂ ಆಗಲ್ಲ. "ವೈಯಕ್ತಿಕ ಕಾರಣ" ಅಂತ ಮಾತ್ರ ಯಾವಾಗ ಬೇಕಾದರೂ, ಯಾರ ಹೆಸರಲ್ಲಿ ಬೇಕಾದರೂ ಟೈಪ್ ಮಾಡಬಹುದು. ಕಪಾಟಿನ ಪತ್ರಗಳಿಗೆ ಅದೇ ಕಾರಣ ಇಷ್ಟ ಆಗೋದು ಅದಕ್ಕೇ.

ಒಂದು ಎಚ್ಚರ: ಕಾರಣ ಬರೀರಿ, ಷರತ್ತು ಬರೀಬೇಡಿ. "ರಸ್ತೆ ಆಗದಿದ್ದರೆ ಇದನ್ನೇ ರಾಜೀನಾಮೆ ಅಂತ ತಿಳೀರಿ" ಅಂತ ಬರೆದರೆ ಅದು ಬೆದರಿಕೆ, ರಾಜೀನಾಮೆ ಅಲ್ಲ. ಅದನ್ನ ಯಾವ ಕಡೆಗೆ ಬೇಕಾದರೂ ಎಳೀಬಹುದು.

ಭಾಗ 7/9: ಶಾಸಕರಿಗೆ ಇರೋ ರಕ್ಷಣೆ ಸದಸ್ಯೆಗೆ ಯಾಕಿಲ್ಲ?

1974ರ ಗುಜರಾತ್. ಅಹಮದಾಬಾದಿನ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಊಟದ ಬಿಲ್ಲಿನಿಂದ ಶುರುವಾದ ವಿದ್ಯಾರ್ಥಿಗಳ ಸಿಟ್ಟು ನವನಿರ್ಮಾಣ ಚಳವಳಿ ಆಯ್ತು. ಮುಖ್ಯಮಂತ್ರಿ ಇಳಿದರು. ಆಮೇಲೆ ಶಾಸಕರ ಮೇಲೂ ರಾಜೀನಾಮೆ ಕೊಡಿ ಅಂತ ಒತ್ತಡ ಬಿತ್ತು, ಬಹಳ ಜನ ಕೊಟ್ಟರು.

ಅದೇ ವರ್ಷ ಸಂವಿಧಾನಕ್ಕೆ 33ನೇ ತಿದ್ದುಪಡಿ ಬಂತು. ಅಲ್ಲಿವರೆಗೆ ಶಾಸಕರು ಪತ್ರ ಕೊಟ್ಟರೆ ಸೀಟು ತಾನಾಗೇ ಖಾಲಿ. ಆಮೇಲೆ ಸ್ಪೀಕರ್ ಒಪ್ಪಿಕೊಂಡರೆ ಮಾತ್ರ. ರಾಜೀನಾಮೆ ಸ್ವಇಚ್ಛೆಯದ್ದಲ್ಲ ಅಥವಾ ಅಸಲಿಯಲ್ಲ ಅಂತ ವಿಚಾರಣೆ ಮಾಡಿ ಅನಿಸಿದರೆ ಸ್ಪೀಕರ್ ಒಪ್ಪಿಕೊಳ್ಳಬಾರದು.

ವಿದ್ಯಾರ್ಥಿಗಳ ಸಿಟ್ಟು ನ್ಯಾಯದ್ದೇ ಇರಬಹುದು. ಆದರೂ ಒತ್ತಡದಿಂದ ಬರೆಸಿದ ರಾಜೀನಾಮೆ ರಾಜೀನಾಮೆಯಲ್ಲ ಅನ್ನೋ ತತ್ವವನ್ನ ದೇಶ ಅವತ್ತು ಬರೆದಿಟ್ಟಿತು. ಈಗ ನಮ್ಮ ಪಂಚಾಯತಿಗೆ ಬನ್ನಿ. ಇಲ್ಲಿ ಪತ್ರ ಪಡೆಯುವವರು "ಇದು ನಿನ್ನ ಇಚ್ಛೆಯೇನಮ್ಮಾ?" ಅಂತ ಕೇಳಲೇಬೇಕು ಅಂತ 29ನೇ ಕಲಮಿನಲ್ಲಿ ಇಲ್ಲ. ಸದಸ್ಯೆಯೇ ಏಳು ದಿನದೊಳಗೆ ಓಡಬೇಕು. ಜತ್ತದ ಒಂದು ಹಳ್ಳಿಯಿಂದ ಸಾಂಗ್ಲಿಯ ಕಲೆಕ್ಟರ್ ಕಚೇರಿಗೆ, ಬಹುಶಃ ಗಂಡನ ಒಪ್ಪಿಗೆ ಇಲ್ಲದೆ, ಮರಾಠಿ ಅರ್ಜಿ ಬರೆಸಿಕೊಂಡು. ಜೊತೆಗೆ ಪತ್ರ ಪಡೆಯೋ ಸರಪಂಚರೇ ಆ ಪತ್ರದಿಂದ ಲಾಭ ಪಡೆಯೋ ಗುಂಪಿನವರೂ ಆಗಿರಬಹುದು.

ನನ್ನ ಬೇಡಿಕೆ ಇಷ್ಟೇ: ಪತ್ರ ಸಭೆಗೆ ಬಂದ ದಿನ ಆ ಸದಸ್ಯರು ಖುದ್ದಾಗಿ ಎದುರಿಗಿರಬೇಕು, ಅವರಿಗೆ ಗೊತ್ತಿರೋ ಭಾಷೆಯಲ್ಲಿ ಪತ್ರ ಓದಿ ಹೇಳಬೇಕು, ಅವರ ಉತ್ತರ ಠರಾವು ಪುಸ್ತಕದಲ್ಲಿ ಬರೀಬೇಕು. ಇದಕ್ಕೆ ಐದು ನಿಮಿಷ ಸಾಕು.

ಭಾಗ 8/9: "ಕೊಟ್ಟ ಮಾತಿಗೆ ತಪ್ಪಬೇಕಾ?" ಅನ್ನೋರಿಗೆ

ಕಾಮೆಂಟಲ್ಲಿ ಇದು ಬಂದೇ ಬರುತ್ತೆ ಅಂತ ಗೊತ್ತು. "ಊರಲ್ಲಿ ಜಗಳ ಬೇಡ ಅಂತ ಗುಡಿಯಲ್ಲಿ ಕೂತು ಅವಿರೋಧ ಆಯ್ಕೆ ಮಾಡ್ತಾರೆ. ಅರ್ಧ ಅವಧಿ ಒಬ್ಬರು, ಅರ್ಧ ಅವಧಿ ಇನ್ನೊಬ್ಬರು. ಮಾತು ಕೊಟ್ಟವರು ಕುರ್ಚಿ ಬಿಡದಿದ್ದರೆ? ಅದಕ್ಕೇ ಮೊದಲೇ ಪತ್ರ."

ಈ ವಾದದಲ್ಲಿ ಒಂದು ನಿಜ ಇದೆ. ಚುನಾವಣೆ ಜಗಳದಿಂದ ಊರು ಒಡೆದು, ಅಣ್ಣ ತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟದ್ದು ನಾನೂ ನೋಡಿದ್ದೀನಿ. ಆ ಭಯ ಸುಳ್ಳಲ್ಲ.

ಆದರೆ ಮಾತು ಯಾರಿಗೆ ಕೊಟ್ಟದ್ದು? ಗುಡಿಯಲ್ಲಿ ಕೂತ ಹತ್ತು ಜನಕ್ಕೆ. ಓಟು ಹಾಕಿದವರಿಗೆ, ಅಥವಾ ಓಟು ಹಾಕೋ ಅವಕಾಶವನ್ನೇ ಬಿಟ್ಟುಕೊಟ್ಟವರಿಗೆ, ಹೇಳಿದ್ದು ಐದು ವರ್ಷ ಅಂತ. ಎರಡು ಮಾತಿನಲ್ಲಿ ಯಾವುದು ದೊಡ್ಡದು?

ಒಪ್ಪಂದ ಅಷ್ಟು ಒಳ್ಳೆಯದಿದ್ದರೆ ಅದನ್ನ ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಹೇಳಿ. ಅವಧಿ ಮುಗಿದ ದಿನ ಆ ಸದಸ್ಯೆ ತಾನೇ ಕೂತು ಅವತ್ತಿನ ತಾರೀಖು ಹಾಕಿ, "ಊರ ಒಪ್ಪಂದದಂತೆ ಸ್ಥಾನ ಬಿಡುತ್ತಿದ್ದೇನೆ" ಅಂತ ಕಾರಣ ಬರೆದು ಕೊಡಲಿ. ಬರೆಯೋ ದಿನ ಅವಳಿಗೆ ಬೇಡ ಅನಿಸಿದರೆ ಬರೆಯದೇ ಇರೋ ಹಕ್ಕೂ ಅವಳದ್ದೇ. ರಾಜೀನಾಮೆ ಅನ್ನೋ ಶಬ್ದದಲ್ಲೇ "ರಾಜಿ" ಇದೆ. ಒಪ್ಪಿಗೆ ಇಲ್ಲದೆ ಕೊಟ್ಟದ್ದು ಯಾವ ರಾಜಿ?

ನನ್ನ ಪರೀಕ್ಷೆ ಸರಳ. ಯಾವ ಕಾರಣವನ್ನ ಪತ್ರದಲ್ಲಿ ಬರೆಯೋಕೆ ನಾಚಿಕೆ ಆಗುತ್ತೋ, ಆ ಕಾರಣಕ್ಕೆ ರಾಜೀನಾಮೆ ಕೇಳಬಾರದು.

ಭಾಗ 9/9: ಸೇವ್ ಮಾಡಿಟ್ಟುಕೊಳ್ಳಿ

ನಿಜವಾಗಿ ಬಿಡಬೇಕು ಅಂದವರ ಪತ್ರ ಹೀಗಿರಲಿ:

"ಮಾನ್ಯ ಸರಪಂಚರಿಗೆ, ಗ್ರಾಮ ಪಂಚಾಯತಿ (ಊರು). ನಾನು ವಾರ್ಡ್ ಸಂಖ್ಯೆ 2ರಿಂದ ಚುನಾಯಿತಳಾದ ಸದಸ್ಯೆ. ನನ್ನ ಕುಟುಂಬ ಕೆಲಸಕ್ಕಾಗಿ ಪುಣೆಗೆ ಹೋಗುತ್ತಿರುವುದರಿಂದ ಸಭೆಗಳಿಗೆ ಬರಲು ಆಗುವುದಿಲ್ಲ. ಆದ್ದರಿಂದ ಗ್ರಾಮ ಪಂಚಾಯತಿ ಸದಸ್ಯ ಸ್ಥಾನಕ್ಕೆ ಸ್ವಇಚ್ಛೆಯಿಂದ ರಾಜೀನಾಮೆ ಕೊಡುತ್ತಿದ್ದೇನೆ. ಈ ಪತ್ರವನ್ನು ಇಂದು, 3ನೇ ಮಾರ್ಚ್, ನಾನೇ ಬರೆದು ಸಹಿ ಮಾಡಿದ್ದೇನೆ."

ತಾರೀಖನ್ನ ಮೂಲೆಯಲ್ಲಿ ಮಾತ್ರ ಅಲ್ಲ, ವಾಕ್ಯದ ಒಳಗೂ ವರ್ಷದ ಸಮೇತ ಬರೀರಿ. ಕಚೇರಿಗೆ ಮರಾಠಿ ಬೇಕಾದರೆ ನಂಬಿಕೆಯವರಿಂದ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ. ಎರಡು ಪ್ರತಿ ಮಾಡಿ, ಆವಕ ವಹಿಯಲ್ಲಿ ನಂಬರ್ ಹಾಕಿಸಿ, ನಿಮ್ಮ ಪ್ರತಿ ಮೇಲೆ ಸಿಕ್ಕಾ ಮತ್ತು ಸಹಿ ತಗೊಳ್ಳಿ. "ಸದಸ್ಯ ಸ್ಥಾನ" ಅಂತ ಬಿಡಿಸಿ ಬರೀರಿ. ಬರೀ "ನನ್ನ ಸ್ಥಾನ" ಅಂದರೆ, ಉಪಸರಪಂಚ ಹುದ್ದೆ ಬಿಡೋಕೆ ಹೋದವರ ಸದಸ್ಯತ್ವದ ಮೇಲೂ ವಿವಾದ ಏಳಬಹುದು.

ಖಾಲಿ ತಾರೀಖಿನ ಪತ್ರಕ್ಕೆ ಈಗಾಗಲೇ ಸಹಿ ಹಾಕಿದ್ದರೆ ಸುಮ್ಮನೆ ಕೂರಬೇಡಿ. ಇವತ್ತೇ ಒಂದು ಪತ್ರ ಬರೀರಿ: "ನನ್ನ ಸಹಿಯಿರುವ, ತಾರೀಖಿಲ್ಲದ ರಾಜೀನಾಮೆ ಯಾರ ಬಳಿಯಾದರೂ ಇದ್ದರೆ ಅದು ನನ್ನ ಇಚ್ಛೆಯದ್ದಲ್ಲ. ನಾನು ರಾಜೀನಾಮೆ ಕೊಟ್ಟಿಲ್ಲ." ಸರಪಂಚ, ಗ್ರಾಮಸೇವಕ, ಕಲೆಕ್ಟರ್ ಮೂವರಿಗೂ ಸ್ಪೀಡ್ ಪೋಸ್ಟ್ ಮಾಡಿ, ರಸೀತಿ ಜೋಪಾನ. ನಾಳೆ ಏಳು ದಿನದ ಓಟ ಬಂದರೆ ಕೈಯಲ್ಲಿ ಹಿಂದಿನ ತಾರೀಖಿನ ಸಾಕ್ಷಿ ಇರುತ್ತೆ.

ಕರ್ನಾಟಕದವರಿಗೆ: ನಿಮ್ಮದು 1993ರ ಕಾಯ್ದೆ. ಸದಸ್ಯರು ಪತ್ರ ಕೊಡೋದು ಅಧ್ಯಕ್ಷರಿಗೆ. ಅಧ್ಯಕ್ಷರು ಅಧ್ಯಕ್ಷ ಸ್ಥಾನ ಬಿಡೋದಾದರೆ ಉಪವಿಭಾಗಾಧಿಕಾರಿಗೆ. ಕೊಟ್ಟ ಪತ್ರವನ್ನ ಲಿಖಿತವಾಗಿ ವಾಪಸ್ ಪಡೆಯೋಕೆ ಗಡುವಿದೆ. ಆ ಗಡುವು ಎಣಿಸೋಕೂ ಬೇಕಾದ್ದು ಅದೇ ತಾರೀಖು.

ಈ ವಾರ ಊರಿಗೆ ಹೋದಾಗ ನಿಮ್ಮ ವಾರ್ಡಿನ ಸದಸ್ಯೆಯನ್ನ ಒಬ್ಬರೇ ಇದ್ದಾಗ ಕೇಳಿ: "ಅಕ್ಕಾ, ಗೆದ್ದ ಮ್ಯಾಲ ಯಾವ ಕಾಗದಕ್ಕ ಸಹಿ ಮಾಡಿಸ್ಕೊಂಡ್ರು?" ಉತ್ತರ ಬರೋದು ತಡ ಆದರೆ, ಭಾಗ 9 ತೋರಿಸಿ.

#ಗ್ರಾಮಪಂಚಾಯತಿ #ರಾಜೀನಾಮೆ #ತಾರೀಖುಹಾಕಿ